ಬೀಗ ಮೊದಲೋ ಕೀಲಿಕೈ ಮೊದಲೋ

"ಈ ಮನೆಯ ಪ್ರತಿಯೊಂದು ಬೀಗಕ್ಕೂ ಅದನ್ನು ತೆರೆಯತಕ್ಕ ಕೀಲಿಕೈಯೊಂದುಂಟು" ಎಂದು ಯಜಮಾನನು ಹೇಳಿದರೆ, ಹತ್ತು ಬೀಗಗಳಿಗೆ ಹತ್ತು ಕೀಲಿಕೈಗಳ ಗೊಂಚಲು ಅವನ ಸೊಂಟದಲ್ಲಿರಬಹುದೆಂದು ನಾವು ತಿಳಿಯುತ್ತೇವೆ. "ಒಂದು ಕೀಲಿಕೈ ಉಂಟು, ಅದು ಪ್ರತಿಯೊಂದು ಬೀಗವನ್ನೂ ತೆರೆಯುತ್ತದೆ" ಎಂದರೆ ಗೊಂಚಲೇ ಬೇಕಿಲ್ಲ. ಎರಡು ವಾಕ್ಯಗಳಲ್ಲಿಯೂ ಇರುವ ಪದಗಳು ಹೆಚ್ಚುಕಡಿಮೆ ಅವೇ. 'ಪ್ರತಿಯೊಂದು' ಎಂಬುದೂ 'ಒಂದು ಉಂಟು' ಎಂಬುದೂ ಸ್ಥಾನವನ್ನು ಅದಲುಬದಲು ಮಾಡಿಕೊಂಡಿವೆ, ಅಷ್ಟೆ. ಮೊದಲ ವಾಕ್ಯದಲ್ಲಿ ಕೀಲಿಕೈಯನ್ನು ಆರಿಸುವವನು ಬೀಗವನ್ನು ನೋಡಿದ ಮೇಲೆ ಆರಿಸುತ್ತಾನೆ, ಎರಡನೆಯದರಲ್ಲಿ ಬೀಗವನ್ನು ಕಾಣುವ ಮುನ್ನವೇ ಆರಿಸಿ ಮುಗಿಸಿರಬೇಕು. ಆದುದರಿಂದ ಎರಡನೆಯದು ನಿಜವಾದರೆ ಮೊದಲನೆಯದು ತಾನಾಗಿ ನಿಜವಾಗುವುದು. ಮೊದಲನೆಯದರಿಂದ ಎರಡನೆಯದನ್ನು ಪಡೆಯುವ ದಾರಿ ಮಾತ್ರ ಇಲ್ಲ.

ಈ ಸೂಕ್ಷ್ಮವು ತಪ್ಪಿದುದರಿಂದ ಎಡವಿದವನು ಸಾಮಾನ್ಯನಲ್ಲ. ಫ್ರಾನ್ಸಿನ ಗಣಿತಜ್ಞ ಕೋಶಿ 1821ರಲ್ಲಿ ಪ್ರಕಟಿಸಿದ ವಿಶ್ಲೇಷಣ ಗಣಿತದ ಗ್ರಂಥದಲ್ಲಿ, ಅವಿಚ್ಛಿನ್ನ ಫಲನಗಳ ಅನಂತ ಶ್ರೇಢಿಯು ಒಂದು ಮೊತ್ತವನ್ನು ಸಮೀಪಿಸುತ್ತ ಹೋದರೆ ಆ ಮೊತ್ತವೂ ಅವಿಚ್ಛಿನ್ನವೇ ಎಂದು ಸಾಧಿಸಿದ್ದನು. ನಾರ್ವೆಯ ತರುಣ ಆಬೆಲ್ 1826ರಲ್ಲಿ, ಪ್ರತಿಯೊಂದು ಪದವೂ ಅವಿಚ್ಛಿನ್ನವಾಗಿದ್ದು ಮೊತ್ತವು ಮಾತ್ರ ನಿಯತ ಸ್ಥಳಗಳಲ್ಲಿ ಥಟ್ಟನೆ ಜಿಗಿಯುವ ಒಂದು ಶ್ರೇಢಿಯನ್ನು ತೋರಿಸಿ, ಈ ಪ್ರಮೇಯಕ್ಕೆ ಅಪವಾದಗಳಿರುವಂತೆ ಕಾಣುತ್ತದೆಂದು ಅತ್ಯಂತ ವಿನಯದಿಂದ ಒಂದು ಅಡಿಟಿಪ್ಪಣಿಯಲ್ಲಿ ಬರೆದನು.

ಲೋಪವೆಲ್ಲಿತ್ತೆಂಬುದನ್ನು ಆಬೆಲನ ಶ್ರೇಢಿಗಿಂತ ಸರಳವಾದ ಉದಾಹರಣೆಯಲ್ಲಿ ನೋಡಬಹುದು. ಸೊನ್ನೆಯಿಂದ ಒಂದರವರೆಗಿನ, ಆದರೆ ಒಂದನ್ನು ಬಿಟ್ಟ, x ಎಂಬ ಸಂಖ್ಯೆಗಳನ್ನು ತೆಗೆದುಕೊಂಡು xⁿ ಎಂಬ ಘಾತಗಳನ್ನು ಎಣಿಸುತ್ತ ಹೋಗೋಣ. x ಯಾವುದೇ ಆಗಿರಲಿ, n ಬೆಳೆದಂತೆ ಘಾತವು ಕ್ಷೀಣಿಸಿ ಸೊನ್ನೆಯ ಬಳಿ ಸಾರುತ್ತದೆ. ಅದು ಹತ್ತನೆಯ ಒಂದಂಶಕ್ಕಿಂತ ಕಡಿಮೆಯಾಗಲು ಎಷ್ಟು ಕಾಯಬೇಕು? x ಎಂಬುದು 0.5 ಆದರೆ ನಾಲ್ಕನೆಯ ಘಾತವೇ ಸಾಕು, 0.9 ಆದರೆ 22ನೆಯದು, 0.99 ಆದರೆ 230ನೆಯದು, 0.999 ಆದರೆ 2302ನೆಯದು ಬೇಕಾಗುವುದು. ಪ್ರತಿಯೊಂದು x‌ಗೂ ಅದರದೇ ಆದ ಒಂದು ಮಿತಿ N ಉಂಟು. ಎಲ್ಲ x‌ಗಳಿಗೂ ಸಲ್ಲತಕ್ಕ ಒಂದೇ N ಇಲ್ಲ. ಗೊಂಚಲು ಇದೆ, ಸರ್ವಸಾಧಾರಣವಾದ ಕೀಲಿಕೈ ಇಲ್ಲ. ಒಂದನ್ನೂ ಸೇರಿಸಿಕೊಂಡೆವಾದರೆ ಅಲ್ಲಿ ಘಾತವು ಎಂದೆಂದಿಗೂ ಒಂದೇ ಆಗಿ ಉಳಿದು, ಸೊನ್ನೆಯಾಗಿ ಹರಿದುಬಂದ ಸೀಮಾಫಲನವು ಕೊನೆಯ ಬಿಂದುವಿನಲ್ಲಿ ಒಂದಕ್ಕೆ ನೆಗೆಯುತ್ತದೆ.

"ಒಂದೇ N ಇಲ್ಲ" ಎಂಬುದನ್ನು ಸಾಧಿಸುವುದು ಹೇಗೆ? ನಿಷೇಧಿಸಬೇಕಾದ ಪೂರ್ಣ ವಾಕ್ಯ ಇದು: ಸೊನ್ನೆಗಿಂತ ದೊಡ್ಡದಾದ ಪ್ರತಿಯೊಂದು ಅಳತೆಗೂ ಒಂದು N ಉಂಟು, ಪ್ರತಿಯೊಂದು x‌ಗೂ, N ಅನ್ನು ಮುಟ್ಟಿದ ಅಥವಾ ದಾಟಿದ ಪ್ರತಿಯೊಂದು n‌ಗೂ, xⁿ ಆ ಅಳತೆಗಿಂತ ಕಡಿಮೆ. ಇಲ್ಲಿ ನನ್ನ ಅನುಭವದಲ್ಲಿ ವಿದ್ಯಾರ್ಥಿಗಳು ಎರಡು ಬಗೆಯಾಗಿ ತಪ್ಪುತ್ತಾರೆ. ಕೆಲವರು ಬಾಲವನ್ನು ಮಾತ್ರ ತಿರುಗಿಸಿ, ಉಳಿದುದನ್ನು ಹಾಗೆಯೇ ಬಿಟ್ಟು, "ಪ್ರತಿಯೊಂದು ಅಳತೆಗೂ ಒಂದು N ಉಂಟು … xⁿ ಕಡಿಮೆಯಲ್ಲ" ಎನ್ನುತ್ತಾರೆ. ಅದು ಬೇರೊಂದು ವಾಕ್ಯವೇ ಹೊರತು ಮೊದಲನೆಯದರ ನಿಷೇಧವಲ್ಲ. ಇನ್ನು ಕೆಲವರು ಉತ್ಸಾಹದಿಂದ ಎಲ್ಲವನ್ನೂ ತಿರುಗಿಸುವ ಭರದಲ್ಲಿ 'N ಅನ್ನು ಮುಟ್ಟಿದ ಅಥವಾ ದಾಟಿದ' ಎಂಬುದನ್ನು 'N‌ಗಿಂತ ಕಡಿಮೆಯಾದ' ಎಂದು ಮಾಡಿಬಿಡುತ್ತಾರೆ. ಈ ಎರಡನೆಯ ತಪ್ಪು ಕಣ್ಣಿಗೆ ಬೀಳುವುದು ಕಷ್ಟವಾದುದರಿಂದ ನನಗೆ ಅದು ಹೆಚ್ಚು ಅಪಾಯಕಾರಿಯೆಂದು ತೋರುತ್ತದೆ. ಅಳತೆಯು ಸೊನ್ನೆಗಿಂತ ದೊಡ್ಡದು, n ಎಂಬುದು N‌ಗಿಂತ ಕಡಿಮೆಯಲ್ಲ ಎಂಬಿವು ಆರಿಸುವವನಿಗೆ ವಿಧಿಸಿದ ಕರಾರುಗಳು. ನಿಷೇಧವು ಅವನ್ನು ಮುಟ್ಟದು. ನಿಷೇಧದ ಚಿಹ್ನೆಯು ಎಡದಿಂದ ಬಲಕ್ಕೆ ನಡೆಯುತ್ತ, ಎದುರಾದ 'ಪ್ರತಿಯೊಂದ'ನ್ನು 'ಒಂದು ಉಂಟು' ಎಂದೂ 'ಒಂದು ಉಂಟು' ಎಂಬುದನ್ನು 'ಪ್ರತಿಯೊಂದು' ಎಂದೂ ಮಾರ್ಪಡಿಸಿ, ಸಾಲಿನ ಕ್ರಮವನ್ನು ಕದಲಿಸದೆ, ಕಟ್ಟಕಡೆಯ ಹೋಲಿಕೆಯಲ್ಲಿ ಬಂದು ನಿಲ್ಲುತ್ತದೆ.

ಹೀಗಿರಲು ನಮಗೆ ದೊರಕುವುದು: ಸೊನ್ನೆಗಿಂತ ದೊಡ್ಡದಾದ ಒಂದು ಅಳತೆ ಉಂಟು, ಪ್ರತಿಯೊಂದು N‌ಗೂ ಒಂದು x‌ ಉಂಟು, N‌ಗಿಂತ ಕಡಿಮೆಯಲ್ಲದ ಒಂದು n ಉಂಟು, ಅಲ್ಲಿ xⁿ ಆ ಅಳತೆಗಿಂತ ಕಡಿಮೆಯಾಗಿರುವುದಿಲ್ಲ. ಇದು ಏನನ್ನು ಹುಡುಕಬೇಕೆಂಬುದನ್ನೂ ತಾನೇ ಹೇಳುತ್ತಿದೆ. ಅಳತೆಯನ್ನು ನಾವು ಮೊದಲೇ ಆರಿಸಬೇಕು, ಹತ್ತನೆಯ ಒಂದಂಶವಿರಲಿ. ಎದುರಾಳಿಯು N ಅನ್ನು 1000 ಎಂದನೆಂದು ಇಟ್ಟುಕೊಳ್ಳೋಣ. ಅವನ N ಅನ್ನು ಕೇಳಿದ ಮೇಲೆ x ಅನ್ನು ಆರಿಸುವ ಅವಕಾಶ ನಮ್ಮದು: 0.998 ಎನ್ನುತ್ತೇವೆ, n‌ ಅನ್ನು 1000 ಎಂದೇ ಇಡುತ್ತೇವೆ. 0.998ರ ಸಾವಿರದ ಘಾತ ಸುಮಾರು 0.135, ಹತ್ತನೆಯ ಒಂದಂಶವನ್ನು ಅದು ಮೀರಿಯೇ ಇದೆ. ಅವನು ಲಕ್ಷವೆಂದರೆ ನಾವು ಒಂದಕ್ಕೆ ಇನ್ನಷ್ಟು ಹತ್ತಿರ ಸರಿಯುತ್ತೇವೆ. ಹತ್ತನೆಯ ಒಂದಂಶದ N‌ನೆಯ ಮೂಲವನ್ನು x ಎಂದಿಟ್ಟರೆ ಯಾವ N‌ಗೂ ಉತ್ತರ ಸಿದ್ಧವಾಗಿರುತ್ತದೆ.

ಎಲ್ಲ x‌ಗಳಿಗೂ ಒಂದೇ N ಸಲ್ಲುವ ಸಮೀಪಿಸುವಿಕೆಗೆ ಏಕರೂಪ ಅಭಿಸರಣವೆಂದು ಹೆಸರು. ಈ ನಿಬಂಧನೆಯನ್ನು ಸೇರಿಸಿದೊಡನೆ ಪ್ರಮೇಯವು ನಿಲ್ಲುತ್ತದೆ. 1847ರ ಸುಮಾರಿಗೆ ಇಂಗ್ಲೆಂಡಿನಲ್ಲಿ ಸ್ಟೋಕ್ಸನೂ ಜರ್ಮನಿಯಲ್ಲಿ ಸೈಡೆಲನೂ ಪ್ರತ್ಯೇಕವಾಗಿ ಈ ಭೇದದ ಸಮೀಪಕ್ಕೆ ಬಂದರು. ಕೋಶಿಯು 1853ರಲ್ಲಿ ತನ್ನ ಹೇಳಿಕೆಯನ್ನು ತಾನೇ ತಿದ್ದಿ, ಮಿತಿಯಾದ N ಅನ್ನು x‌ಗಿಂತ ಮುಂಚೆ ಆರಿಸಿದನು.