ನಾಲ್ಕು ಕಾಲಿನ ಶ್ಲೋಕ, ಅರವತ್ತು ಸೆಕೆಂಡಿನ ವಿಡಿಯೋ

ಗೆಳೆಯರೊಬ್ಬರ ಕನ್ನಡ ಚಾನೆಲ್ಲಿಗೆ ಸಣ್ಣ ವಿಡಿಯೋ ಒಂದರ ಸ್ಕ್ರಿಪ್ಟ್ ಬರೆಯಬೇಕಿತ್ತು. ಆಫೀಸಿನ ಒತ್ತಡದಲ್ಲಿ ಒದ್ದಾಡುವ ಹುಡುಗ ಹುಡುಗಿಯರಿಗೆ ಗೀತೆಯ ಒಂದೇ ಒಂದು ಶ್ಲೋಕ, ಒಂದು ನಿಮಿಷದೊಳಗೆ. ಯಾವ ಶ್ಲೋಕ ಎಂದು ಯಾರೂ ಕೇಳಲಿಲ್ಲ. ಎರಡನೇ ಅಧ್ಯಾಯದ 47ನೆಯದು, ಕರ್ಮ ಮತ್ತು ಫಲದ ಶ್ಲೋಕ. ಕ್ಯಾಲೆಂಡರಿನಿಂದ ಹಿಡಿದು ಲಾರಿಯ ಹಿಂಬದಿಯವರೆಗೆ ಎಲ್ಲೆಲ್ಲೂ ಇರುವುದು ಅದೇ ತಾನೆ?

ಮೊದಲ ಕರಡನ್ನು ಅರ್ಧ ಗಂಟೆಯಲ್ಲಿ ಬರೆದು ಮುಗಿಸಿದೆ. ಕೆಲಸ ಮಾಡಿ, ಫಲದ ಚಿಂತೆ ಬಿಡಿ, ನೆಮ್ಮದಿಯಾಗಿರಿ ಎಂಬುದು ಅದರ ಸಾರ. ಸಾಫ್ಟ್‌ವೇರ್ ಕಂಪನಿಯೊಂದರಲ್ಲಿರುವ ತಂಗಿಯ ಮಗಳಿಗೆ ಓದಿ ಹೇಳಿದೆ. ಅವಳು ನಕ್ಕಳು. "ಮಾಮ, ಇದನ್ನ ನಮ್ಮ ಮ್ಯಾನೇಜರ್ ನೋಡಿದ್ರೆ ಇವತ್ತೇ ಟೀಮ್ ಗ್ರೂಪಿಗೆ ಹಾಕ್ತಾರೆ. ದುಡೀರಿ, ಹೈಕ್ ಕೇಳ್ಬೇಡಿ ಅಂತ ಕೃಷ್ಣನೇ ಹೇಳಿದಾನಲ್ಲ!"

ಅವಳ ನಗು ನನ್ನನ್ನು ಮತ್ತೆ ಪುಸ್ತಕಕ್ಕೆ ಕಳಿಸಿತು. ಆಗ ಗೊತ್ತಾಯಿತು, ತಪ್ಪು ಶ್ಲೋಕದ್ದಲ್ಲ, ನಾನು ಅದನ್ನು ಅರ್ಧಕ್ಕೇ ಕತ್ತರಿಸಿದ್ದೆ. ಅನುಷ್ಟುಪ್ ಛಂದಸ್ಸಿನ ಆ ಶ್ಲೋಕದಲ್ಲಿ ಎಂಟೆಂಟು ಅಕ್ಷರದ ನಾಲ್ಕು ಪಾದಗಳಿವೆ, ಪಾದಕ್ಕೊಂದರಂತೆ ನಾಲ್ಕು ಮಾತುಗಳಿವೆ. ನಿನಗೆ ಅಧಿಕಾರವಿರುವುದು ಕರ್ಮದಲ್ಲಿ. ಫಲದಲ್ಲಿ ಎಂದೂ ಇಲ್ಲ. ಫಲಕ್ಕೆ ನೀನು ಹೇತುವಾಗಬೇಡ. ಕರ್ಮ ಮಾಡದಿರುವುದಕ್ಕೂ ಅಂಟಿಕೊಳ್ಳಬೇಡ. ಮಂಡಾಲೆಯ ಸೆರೆಮನೆಯಲ್ಲಿ 'ಗೀತಾರಹಸ್ಯ' ಬರೆದ ತಿಲಕರು ಈ ನಾಲ್ಕನ್ನೂ ಸೇರಿಸಿ ಕರ್ಮಯೋಗದ ಚತುಃಸೂತ್ರಿ ಎಂದರು. ನಾವು ಮಾತ್ರ ನಾಲ್ಕು ಕಾಲಿನ ಮೇಜನ್ನು ಎರಡೇ ಕಾಲಿನ ಮೇಲೆ ನಿಲ್ಲಿಸಿ, ಅದು ಯಾರ ಕಡೆ ವಾಲುತ್ತದೆ ಎಂದು ನೋಡುವುದಿಲ್ಲ.

ಮೊದಲ ತೊಡಕು 'ಅಧಿಕಾರ' ಎಂಬ ಪದದ್ದು. ಇಂದಿನ ಕನ್ನಡದ ಕಿವಿಗೆ ಅಧಿಕಾರ ಎಂದರೆ ಕುರ್ಚಿ, ಸಹಿ, ಮೊಹರು. ಆಫೀಸಿನ ವಿಡಿಯೋದಲ್ಲಿ ಆ ಪದ ಬಂದರೆ ನೋಡುವವರ ತಲೆಗೆ ನೇರ ಬಾಸ್ ಬರುತ್ತಾರೆ. ಆದ್ದರಿಂದ ಅದನ್ನು ತೆಗೆದು 'ನಿಮ್ಮ ಕೈಯಲ್ಲಿರೋದು' ಎಂದು ಬರೆದೆ. ಹಾಗೆ ಬರೆದದ್ದೇ ತಡ, ಸಂಬಳದ ಗಂಟೂ ಬಿಚ್ಚಿಕೊಂಡಿತು. ಹೈಕ್ ಸಿಗುವುದು ಫಲ, ಸರಿ. ಆದರೆ ಹೈಕ್ ಕೇಳುವುದು? ಅದು ಕರ್ಮ. ಈ ಕೆಲಸ ಎರಡು ದಿನದಲ್ಲಿ ಆಗುವುದಿಲ್ಲ, ನಾಲ್ಕು ದಿನ ಬೇಕು ಎಂದು ಹೇಳುವುದೂ ಕರ್ಮ. ಕೃಷ್ಣ ಬಾಯಿ ಮುಚ್ಚಿಕೊಂಡಿರು ಎಂದು ಎಲ್ಲಿಯೂ ಹೇಳಿಲ್ಲ. ಕೇಳಿದ ಮೇಲೆ ಅವರು ಏನೆನ್ನುತ್ತಾರೆ ಎಂಬುದನ್ನು ರಾತ್ರಿಯೆಲ್ಲ ಮೆಲುಕು ಹಾಕಬೇಡ ಎಂದದ್ದು.

ಮೂರನೇ ಪಾದದಲ್ಲಿ ಬರೆಯುವವರು ಒಂದು ಆಯ್ಕೆ ಮಾಡಿಕೊಳ್ಳಲೇಬೇಕು. ಫಲದ ಆಸೆಯನ್ನೇ ಕೆಲಸದ ಪ್ರೇರಣೆ ಮಾಡಿಕೊಳ್ಳಬೇಡ ಎಂಬುದು ಸಾಂಪ್ರದಾಯಿಕ ಅರ್ಥ. ಫಲಕ್ಕೆ ನೀನೇ ಕಾರಣ ಎಂದುಕೊಳ್ಳಬೇಡ ಎಂದೂ ಕೆಲವರು ಬಿಡಿಸುತ್ತಾರೆ. ನಾನು ಎರಡನೆಯದನ್ನು ಹಿಡಿದೆ, ಸುಮ್ಮನೆ ಅನುಕೂಲಕ್ಕಲ್ಲ. ಯಾವ ಕರ್ಮಕ್ಕೂ ಐದು ಕಾರಣಗಳಿರುತ್ತವೆ ಎಂದು ಗೀತೆಯೇ 18ನೇ ಅಧ್ಯಾಯದ 14ನೇ ಶ್ಲೋಕದಲ್ಲಿ ಪಟ್ಟಿ ಕೊಡುತ್ತದೆ. ಮಾಡುವವನು ಆ ಐದರಲ್ಲಿ ಒಬ್ಬ, ಅಷ್ಟೇ. ರೇಟಿಂಗ್ ಕಡಿಮೆ ಬಂದಾಗ 'ಎಲ್ಲ ನನ್ನಿಂದಲೇ' ಎಂದು ತನ್ನನ್ನೇ ಹಳಿದುಕೊಳ್ಳುವ ಇಪ್ಪತ್ತಾರು ವರ್ಷದವರಿಗೆ ತಲುಪಬೇಕಾದ ಮಾತು ಅದೇ.

ನಾಲ್ಕನೇ ಪಾದವನ್ನು ಎಲ್ಲರೂ ಮರೆಯುತ್ತಾರೆ. ನನಗೀಗ ಅನ್ನಿಸುವಂತೆ ಶ್ಲೋಕ ಹುಟ್ಟಿದ್ದೇ ಅದಕ್ಕಾಗಿ. ಮೊದಲ ಅಧ್ಯಾಯದ ಅರ್ಜುನನನ್ನು ನೆನೆಸಿಕೊಳ್ಳಿ. ಮೈ ಸೋಲುತ್ತದೆ, ಬಾಯಿ ಒಣಗುತ್ತದೆ, ನಡುಕ ಹತ್ತುತ್ತದೆ, ಚರ್ಮ ಉರಿಯುತ್ತದೆ, ಗಾಂಡೀವ ಕೈಜಾರುತ್ತದೆ, ತಲೆ ಸುತ್ತುತ್ತದೆ. ಆಮೇಲೆ ಆತ ಬಿಲ್ಲು ಬಿಸುಟು ರಥದಲ್ಲಿ ಕುಳಿತುಬಿಡುತ್ತಾನೆ. ಬೆಂಗಳೂರಿನ ಭಾಷೆಯಲ್ಲಿ ಹೇಳುವುದಾದರೆ ಪೇಪರ್ ಹಾಕಲು ಹೊರಟವನಿಗೆ ಹೇಳಿದ ಮಾತು ಇದು. ಹಾಗಾಗಿ ವಿಡಿಯೋ ಶುರುವಾಗಬೇಕಾದ್ದು ಉಪದೇಶದಿಂದಲ್ಲ, ಒಣಗಿದ ಆ ಬಾಯಿಯಿಂದ.

ಇನ್ನು ಗಡಿಯಾರ. ಶ್ಲೋಕವನ್ನು ನಿಧಾನಕ್ಕೆ ಹೇಳಿದರೆ ಹನ್ನೆರಡು ಸೆಕೆಂಡು ಹೋಗುತ್ತದೆ. ಉಳಿದ ನಲವತ್ತೆಂಟರಲ್ಲಿ, ಉಸಿರುಗಟ್ಟದೆ ಓದಿದರೆ, ಕನ್ನಡದ ಎಂಬತ್ತು ಪದ ಹಿಡಿಯುತ್ತದೆ. ನಮ್ಮ ಪದಗಳು ಉದ್ದ, ಇಂಗ್ಲಿಷಿನ ಲೆಕ್ಕ ಇಲ್ಲಿ ನಡೆಯದು. ಮೊದಲ ಐದಾರು ಸೆಕೆಂಡಿನಲ್ಲಿ ಸಂಸ್ಕೃತ ಬಂದರೆ ಹೆಬ್ಬೆರಳು ಮೇಲಕ್ಕೆ ಸರಿಸಿಬಿಡುತ್ತದೆ, ಆದ್ದರಿಂದ ಶ್ಲೋಕಕ್ಕೆ ಎರಡನೇ ಸ್ಥಾನ. ಮೆಟ್ರೋದಲ್ಲಿ ದನಿ ಆರಿಸಿ ನೋಡುವವರೂ ಇರುವುದರಿಂದ ಪ್ರತಿ ಸಾಲೂ ಪರದೆಯ ಮೇಲೆ ಅಕ್ಷರದಲ್ಲಿ ಬರಬೇಕು. ಕೊನೆಗೆ ಉಳಿದ ಸ್ಕ್ರಿಪ್ಟ್ ಇದು.

ರಾತ್ರಿ ಹತ್ತೂ ಮುಕ್ಕಾಲು, ಕತ್ತಲ ಕೋಣೆ, ಹೊಳೆಯುವ ಫೋನು. ದನಿ: "ನಾಳೆ ಅಪ್ರೈಸಲ್. ಬಾಯಿ ಒಣಗ್ತಿದೆ, ಕೈ ನಡುಗ್ತಿದೆ, ಪೇಪರ್ ಹಾಕಿಬಿಡೋಣ ಅನ್ನಿಸ್ತಿದೆ. ಅರ್ಜುನನಿಗೂ ಹೀಗೇ ಆಗಿತ್ತು."

ಶ್ಲೋಕ, ವಾದ್ಯವಿಲ್ಲದೆ.

"ಕೃಷ್ಣ ಹೇಳಿದ್ದು ನಾಲ್ಕು ಮಾತು. ನಿಮ್ಮ ಕೈಯಲ್ಲಿರೋದು ಕೆಲಸ. ವರ್ಷವಿಡೀ ಏನೇನು ಮಾಡಿದ್ರಿ ಅಂತ ಬರೆದಿಟ್ಟುಕೊಳ್ಳೋದು ಕೆಲಸ, ನಾಳೆ ಬಾಯಿಬಿಟ್ಟು ಹೈಕ್ ಕೇಳೋದೂ ಕೆಲಸ. ಎಷ್ಟು ಕೊಡ್ತಾರೆ ಅನ್ನೋದು ನಿಮ್ಮ ಕೈಯಲ್ಲಿಲ್ಲ. ಕಡಿಮೆ ಬಂದ್ರೆ ಎಲ್ಲಕ್ಕೂ ನಾನೇ ಕಾರಣ ಅಂದ್ಕೋಬೇಡಿ. ಬಜೆಟ್ಟು, ಟೀಮು, ಕ್ಲೈಂಟು ಎಲ್ಲ ಸೇರಿರುತ್ತೆ. ಹಾಗಂತ ಕೈಕಟ್ಟಿ ಕೂರಲೂಬೇಡಿ. ಒಂದು ಹಾಳೆ ತಗೊಳ್ಳಿ, ನಡುವೆ ಗೆರೆ ಎಳೀರಿ. ಎಡಕ್ಕೆ ಕೈಯಲ್ಲಿರೋದು, ಬಲಕ್ಕೆ ಇಲ್ಲದ್ದು. ಎಡಗಡೆಯ ಮೊದಲ ಸಾಲು ಈಗಲೇ ಮಾಡಿ, ಆಮೇಲೆ ಮಲಗಿ."

ಹಾಳೆಯ ಉಪಾಯ ಗೀತೆಯದಲ್ಲ, ನನ್ನದು. ಅದನ್ನು ಕೃಷ್ಣನ ಬಾಯಿಗೆ ತುರುಕಬಾರದು ಎಂದೇ 'ಕೃಷ್ಣ ಹೇಳಿದ್ದು' ಎಂಬುದು ನಾಲ್ಕು ಮಾತಿಗೇ ನಿಲ್ಲುತ್ತದೆ. ಸಮತ್ವದ ಬಗೆಗಿನ ಮುಂದಿನ ಶ್ಲೋಕವನ್ನೂ ಸೇರಿಸಿ ಎಂದು ಗೆಳೆಯರು ಹೇಳಿದರು. ಒಪ್ಪಲಿಲ್ಲ, ಅದು ಇನ್ನೊಂದು ವಿಡಿಯೋ.

ತಂಗಿಯ ಮಗಳಿಗೆ ಮತ್ತೆ ಓದಿದೆ. ಈ ಸಲ ನಗಲಿಲ್ಲ, ಒಂದು ಪ್ರಶ್ನೆ ಕೇಳಿದಳು: "ಒಂದು ಹಾಳೆಯಲ್ಲಿ ಮುಗಿಯದವರು?" ಅವಳ ಮಾತು ನಿಜ. ತಿಂಗಳುಗಟ್ಟಲೆ ನಿದ್ದೆಯಿಲ್ಲದವರಿಗೆ, ದಿನವೂ ಬೈಗುಳ ತಿನ್ನುವವರಿಗೆ, ಬದುಕೇ ಬೇಡ ಎನ್ನಿಸಿದವರಿಗೆ ಶ್ಲೋಕ ತೋರಿಸಿ ಸುಮ್ಮನಾಗುವುದು ಕ್ರೌರ್ಯವಾದೀತು. ಆದ್ದರಿಂದ ಕೊನೆಯ ಮೂರು ಸೆಕೆಂಡಿಗೆ ಮಾತು ನಿಲ್ಲಿಸಿ ಪರದೆಯ ಮೇಲೆ ಒಂದು ಸಂಖ್ಯೆ ಇಟ್ಟೆವು: 14416. ಅದು ಸರ್ಕಾರದ ಟೆಲಿ ಮಾನಸ್ ಸಹಾಯವಾಣಿ, 2022ರಲ್ಲಿ ಶುರುವಾದದ್ದು. ಕರೆ ಉಚಿತ, ಹಗಲು ರಾತ್ರಿ ತೆರೆದಿರುತ್ತದೆ, ಕನ್ನಡದಲ್ಲೇ ಮಾತಾಡಬಹುದು.