ಮೆಕ್ಯಾನಿಕಲ್‌ನಿಂದ ಡೇಟಾ ಸೈನ್ಸ್‌ಗೆ: ಮೋಟಿವೇಶನ್ ಲೆಟರ್‌ನಲ್ಲಿ ಏನಿರಬೇಕು?

ಜರ್ಮನಿಯ ವಿಶ್ವವಿದ್ಯಾಲಯಗಳಲ್ಲಿ ಮಾಸ್ಟರ್ಸ್ ಓದಲು ಅರ್ಜಿ ಹಾಕುವವರಿಂದ ಅಂಕಪಟ್ಟಿ, ಭಾಷಾ ಪರೀಕ್ಷೆಯ ಫಲಿತಾಂಶಗಳ ಜೊತೆಗೆ ಒಂದೆರಡು ಪುಟದ ಪತ್ರವನ್ನೂ ಹಲವು ವಿಭಾಗಗಳು ಕೇಳುತ್ತವೆ. ಅದೇ ಮೋಟಿವೇಶನ್ ಲೆಟರ್. ಓದಿದ ವಿಷಯದಲ್ಲೇ ಮುಂದುವರಿಯುವವರಿಗೆ ಇದು ಅಷ್ಟು ಕಷ್ಟದ ಬರಹವಲ್ಲ. ಮೆಕ್ಯಾನಿಕಲ್ ಎಂಜಿನಿಯರಿಂಗ್ ಮುಗಿಸಿ ಡೇಟಾ ಸೈನ್ಸ್‌ಗೆ ಹೊರಟವರ ಪತ್ರವಾದರೆ ಓದುವ ಪ್ರಾಧ್ಯಾಪಕರ ಮನಸ್ಸಿನಲ್ಲಿ ಎರಡು ಪ್ರಶ್ನೆ ಇರುತ್ತವೆ. ದಾರಿ ಬದಲಿಸಲು ಕಾರಣವೇನು? ಮೊದಲ ಸೆಮಿಸ್ಟರ್‌ನ ಸಂಖ್ಯಾಶಾಸ್ತ್ರ, ಪ್ರೋಗ್ರಾಮಿಂಗ್ ತರಗತಿಗಳಲ್ಲಿ ಈ ವಿದ್ಯಾರ್ಥಿ ನಿಭಾಯಿಸಬಲ್ಲನೇ?

ಪತ್ರದಿಂದ ಆಗದ ಕೆಲಸವೊಂದನ್ನು ಮೊದಲೇ ಹೇಳಬೇಕು. ಹಲವು ಡೇಟಾ ಸೈನ್ಸ್ ಕೋರ್ಸ್‌ಗಳು ಗಣಿತ, ಸಂಖ್ಯಾಶಾಸ್ತ್ರ, ಕಂಪ್ಯೂಟರ್ ವಿಜ್ಞಾನಗಳಲ್ಲಿ ಇಂತಿಷ್ಟು ಕ್ರೆಡಿಟ್ ಓದಿರಲೇಬೇಕು ಎಂದು ನಿಗದಿ ಮಾಡಿರುತ್ತವೆ. ಅವು ಯುರೋಪಿನ ಇಸಿಟಿಎಸ್ ಕ್ರೆಡಿಟ್‌ಗಳು. ಒಂದು ಕ್ರೆಡಿಟ್ ಎಂದರೆ ಸುಮಾರು 25ರಿಂದ 30 ಗಂಟೆಗಳ ಓದು, ಪೂರ್ಣಾವಧಿಯ ಒಂದು ವರ್ಷಕ್ಕೆ 60 ಕ್ರೆಡಿಟ್. ನಿಗದಿತ ಮಿತಿ ಕಡ್ಡಾಯವಾಗಿದ್ದಲ್ಲಿ, ಅದನ್ನು ತಲುಪದ ಅರ್ಜಿಯ ಪತ್ರ ಎಷ್ಟು ಚೆನ್ನಾಗಿದ್ದರೂ ಪ್ರಯೋಜನವಿಲ್ಲ. ಆದ್ದರಿಂದ ಬರೆಯಲು ಕೂರುವ ಮೊದಲು ಕೋರ್ಸ್‌ನ ಅರ್ಹತಾ ನಿಯಮವನ್ನು ಓದಿ, ಅಂಕಪಟ್ಟಿಯ ಪಕ್ಕದಲ್ಲಿಟ್ಟು ಲೆಕ್ಕ ಹಾಕಬೇಕು. ಬಾಗಿಲು ಮುಚ್ಚಿರುವ ಕೋರ್ಸ್‌ಗಳಿಗೆ ಶುಲ್ಕ ಕಟ್ಟಿ ಅರ್ಜಿ ಹಾಕುವವರು ಬಹಳ.

ಅರ್ಹತೆ ಇದೆ ಎಂದಾದರೆ ಪತ್ರದ ಮುಖ್ಯ ಕೆಲಸ ಶುರುವಾಗುತ್ತದೆ. ಇಂಥ ಪತ್ರಗಳು ಹೆಚ್ಚಾಗಿ ಸೋಲುವುದು ಆರಂಭದಲ್ಲೇ. ‘ಇಂದಿನದು ಡೇಟಾ ಯುಗ, ನನಗೆ ಚಿಕ್ಕಂದಿನಿಂದ ಕಂಪ್ಯೂಟರ್ ಎಂದರೆ ಆಸಕ್ತಿ’ ಎಂಬ ಸಾಲನ್ನು ಯಾರು ಬೇಕಾದರೂ ಬರೆಯಬಹುದು. ಅದರಿಂದ ಬರೆದವರ ಬಗ್ಗೆ ಏನೂ ತಿಳಿಯುವುದಿಲ್ಲ. ಮೆಕ್ಯಾನಿಕಲ್‌ನಲ್ಲಿ ಕೆಲಸ ಕಡಿಮೆ, ಸಂಬಳ ಕಡಿಮೆ ಎಂಬ ಕಾರಣ ನಿಜವೇ ಇರಬಹುದು. ಆದರೆ ಅದು ಒಂದನ್ನು ಬಿಟ್ಟದ್ದರ ಕಾರಣ ಮಾತ್ರ, ಇನ್ನೊಂದನ್ನು ಆರಿಸಿಕೊಂಡದ್ದರದ್ದಲ್ಲ. ಓದುವವರು ಒಪ್ಪುವ ಕಾರಣ ಮೆಕ್ಯಾನಿಕಲ್ ಕೆಲಸದ ಒಳಗಿನಿಂದಲೇ ಹುಟ್ಟಿರುತ್ತದೆ: ಕಲಿತ ಸೂತ್ರ ಎಲ್ಲಿಯವರೆಗೆ ಕೈಹಿಡಿಯಿತು, ಎಲ್ಲಿ ಕೈಬಿಟ್ಟಿತು ಎಂಬುದು.

ಒಬ್ಬ ಕಲ್ಪಿತ ಅಭ್ಯರ್ಥಿಯನ್ನು ತೆಗೆದುಕೊಳ್ಳೋಣ. ವಿಟಿಯುನಲ್ಲಿ ಮೆಕ್ಯಾನಿಕಲ್ ಬಿ.ಇ. ಮುಗಿಸಿ ಪೀಣ್ಯದ ಕಾರ್ಖಾನೆಯೊಂದರ ಮೇಂಟೆನೆನ್ಸ್ ವಿಭಾಗದಲ್ಲಿ ಕೆಲಸ ಮಾಡಿದವಳು. ಮೋಟರುಗಳ ಬೇರಿಂಗ್ ಕೆಡುವುದನ್ನು ಮೊದಲೇ ಪತ್ತೆ ಮಾಡುವುದು ಅವಳ ಹೊಣೆ. ಬೇರಿಂಗ್‌ನ ಹೊರ ಉಂಗುರದಲ್ಲಿ ಸಣ್ಣ ಗುಳಿ ಬಿದ್ದರೆ, ಒಳಗಿನ ಗುಂಡುಗಳು ಅದರ ಮೇಲೆ ಹಾಯುವಾಗಲೆಲ್ಲ ಒಂದು ಪೆಟ್ಟು ಬೀಳುತ್ತದೆ. ಸೆಕೆಂಡಿಗೆ ಎಷ್ಟು ಪೆಟ್ಟು ಎಂಬುದನ್ನು ಗುಂಡುಗಳ ಸಂಖ್ಯೆ ಮತ್ತು ಅಳತೆಗಳಿಂದ ಲೆಕ್ಕ ಹಾಕಬಹುದು. ಒಂಬತ್ತು ಗುಂಡುಗಳ 6205 ಬೇರಿಂಗ್‌ನಲ್ಲಿ ಶಾಫ್ಟ್‌ನ ಪ್ರತಿ ಸುತ್ತಿಗೆ ಸುಮಾರು 3.58 ಪೆಟ್ಟು. ಮೋಟರು ನಿಮಿಷಕ್ಕೆ 1797 ಸುತ್ತು ತಿರುಗುತ್ತಿದ್ದರೆ ಸೆಕೆಂಡಿಗೆ ಸುಮಾರು 107. ಕಂಪನದ ಸಂಕೇತವನ್ನು ಸರಿಯಾಗಿ ಸಂಸ್ಕರಿಸಿ ನೋಡಿದಾಗ 107 ಹರ್ಟ್ಸ್ ಆಸುಪಾಸಿನಲ್ಲಿ ಶಿಖರ ಎದ್ದಿದ್ದರೆ ಹೊರ ಉಂಗುರದ ಮೇಲೆ ಸಂಶಯ ಬರುತ್ತದೆ.

ಸೂತ್ರ ಹೇಳುವುದು ಇಷ್ಟೇ, ಎಲ್ಲಿ ನೋಡಬೇಕು ಎಂದು. ಶಿಖರ ಎಷ್ಟು ಎತ್ತರವಾದರೆ ಬೇರಿಂಗ್ ಬದಲಿಸಬೇಕು, ಇನ್ನೂ ಎಷ್ಟು ದಿನ ಓಡಿಸಬಹುದು, ಹೊರೆ ಮತ್ತು ವೇಗ ಬದಲಾಗುತ್ತಲೇ ಇರುವ ಯಂತ್ರದಲ್ಲಿ ಏನು ಮಾಡಬೇಕು ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಅದಕ್ಕೆ ಹಳೆಯ ದಾಖಲೆಗಳಿಂದ ಕಲಿಯುವ ಮಾದರಿ ಬೇಕು. ಈ ಅಭ್ಯರ್ಥಿ ಡೇಟಾ ಸೈನ್ಸ್ ಕಡೆಗೆ ತಿರುಗಿದ್ದು ಇಲ್ಲಿ. ಪತ್ರ ಶುರುವಾಗಬೇಕಾದದ್ದೂ ಇಲ್ಲಿಂದಲೇ.

ಮುಂದಿನ ಪ್ಯಾರಾ ತಾನಾಗಿ ಏನು ಮಾಡಿದಳು ಎಂಬುದರದ್ದು. ಅಮೆರಿಕದ ಕೇಸ್ ವೆಸ್ಟರ್ನ್ ರಿಸರ್ವ್ ವಿಶ್ವವಿದ್ಯಾಲಯ ಇದೇ ಬಗೆಯ ಬೇರಿಂಗ್‌ಗಳಿಗೆ ಬೇಕೆಂದೇ ಗುಳಿ ಮಾಡಿ, ನಾಲ್ಕು ಬಗೆಯ ಹೊರೆಯಲ್ಲಿ ಓಡಿಸಿ ದಾಖಲಿಸಿದ ಕಂಪನದ ದತ್ತಾಂಶ ಎಲ್ಲರಿಗೂ ಮುಕ್ತವಾಗಿ ಸಿಗುತ್ತದೆ. ಅದರ ಮೇಲೆ ಪೈಥಾನ್‌ನಲ್ಲಿ ಮಾದರಿ ಕಟ್ಟಿದವರ ಪತ್ರಗಳಲ್ಲಿ ‘ಶೇ. 99 ನಿಖರತೆ’ ಎಂಬ ಸಾಲು ಸಾಮಾನ್ಯ. ಬಲ್ಲವರು ಹುಬ್ಬು ಗಂಟಿಕ್ಕುವುದೂ ಆ ಸಾಲಿಗೇ. ಒಂದೇ ದಾಖಲೆಯನ್ನು ಸಣ್ಣ ತುಂಡುಗಳಾಗಿ ಕತ್ತರಿಸಿ, ಕಲಸಿ, ಕೆಲವನ್ನು ಕಲಿಸಲು, ಕೆಲವನ್ನು ಪರೀಕ್ಷಿಸಲು ಬಳಸಿದರೆ ಎರಡೂ ಕಡೆ ಅದೇ ಬೇರಿಂಗ್ ಇರುತ್ತದೆ. ಆಗ ಮಾದರಿ ದೋಷವನ್ನಲ್ಲ, ಆ ಬೇರಿಂಗ್‌ನ ಗುರುತನ್ನು ಕಲಿತಿರಬಹುದು. ಹೊರೆಯ ಪ್ರಕಾರ ಬೇರ್ಪಡಿಸಿದರೂ ತೊಂದರೆ ಪೂರ್ತಿ ನೀಗುವುದಿಲ್ಲ, ಏಕೆಂದರೆ ಗುಳಿ ಬಿದ್ದ ಅದೇ ಬೇರಿಂಗನ್ನು ಎಲ್ಲ ಹೊರೆಗಳಲ್ಲೂ ಓಡಿಸಲಾಗಿದೆ. ಒಂದು ಅಳತೆಯ ಗುಳಿಯ ದಾಖಲೆಗಳನ್ನು ಪೂರ್ತಿ ಬದಿಗಿಟ್ಟು ಅವುಗಳ ಮೇಲೆ ಪರೀಕ್ಷಿಸುವುದು ಹೆಚ್ಚು ಕಠಿಣ, ಹೆಚ್ಚು ಪ್ರಾಮಾಣಿಕ.

ಪತ್ರ ಬರೆಯುವುದು ಇಂಗ್ಲಿಷಿನಲ್ಲಿ; ಅದರ ಸಾರ ಕನ್ನಡದಲ್ಲಿ ಹೀಗಿರಬಹುದು: ‘ತುಂಡುಗಳನ್ನು ಕಲಸಿ ಪರೀಕ್ಷಿಸಿದಾಗ ನನ್ನ ಮಾದರಿ ಶೇ. 99 ಸರಿ ಹೇಳಿತು. ಮೊದಲು ಕಾಣದ ಅಳತೆಯ ಗುಳಿಯನ್ನು ಕೊಟ್ಟಾಗ ಅದು ಶೇ. 80ರ ಆಸುಪಾಸಿಗೆ ಇಳಿಯಿತು. ಹೀಗೆ ಇಳಿದದ್ದೇಕೆ ಎಂಬುದನ್ನು ವಿವರಿಸುವಷ್ಟು ಸಂಖ್ಯಾಶಾಸ್ತ್ರ ನನಗೆ ಗೊತ್ತಿಲ್ಲ. ಅದನ್ನು ಕಲಿಯಲು ಈ ಅರ್ಜಿ.’ ಅಂಕಿಗಳು ಉದಾಹರಣೆಗೆ ಕೊಟ್ಟವು. ಆದರೆ ಕಡಿಮೆಯಾದ ಆ ಎರಡನೆಯ ಅಂಕಿಯೇ ಮೊದಲನೆಯದಕ್ಕಿಂತ ಅಭ್ಯರ್ಥಿಯ ಪರವಾಗಿ ಹೆಚ್ಚು ಮಾತಾಡುತ್ತದೆ.

ಬಳಿಕ ಅಂಕಪಟ್ಟಿಯ ಸರದಿ. ವಿಟಿಯುನ 2018ರ ಸ್ಕೀಮ್‌ನಲ್ಲಿ ಮೆಕ್ಯಾನಿಕಲ್‌ನವರೂ ಮೊದಲ ನಾಲ್ಕು ಸೆಮಿಸ್ಟರ್‌ಗಳಲ್ಲಿ ಗಣಿತ ಓದುತ್ತಿದ್ದರು. ಫೂರಿಯೆ ಶ್ರೇಣಿ ಎಂ-3ರಲ್ಲಿ, ಸಂಭವನೀಯತೆ ಎಂ-4ರಲ್ಲಿ ಬರುತ್ತಿತ್ತು. ಜರ್ಮನಿಯಲ್ಲಿ ಕೂತ ಪ್ರಾಧ್ಯಾಪಕರಿಗೆ ಪತ್ರಿಕೆಯ ಹೆಸರಿನಿಂದ ಒಳಗಿನ ಪಾಠ ಗೊತ್ತಾಗುವುದಿಲ್ಲ. ಯಾವ ಪತ್ರಿಕೆಯ ಯಾವ ಪಾಠ ಬೇರಿಂಗ್ ಕೆಲಸದಲ್ಲಿ ಉಪಯೋಗಕ್ಕೆ ಬಂತು ಎಂದು ಎರಡು ವಾಕ್ಯದಲ್ಲಿ ಹೇಳಿದರೆ ಸಾಕು. ಡೇಟಾಬೇಸ್, ಆಲ್ಗರಿದಮ್‌ಗಳಂಥವನ್ನು ಕಾಲೇಜಿನಲ್ಲಿ ಓದಿಲ್ಲದಿದ್ದರೆ ಅದನ್ನೂ ಹೇಳಿ, ಆಮೇಲೆ ಎಲ್ಲಿ ಕಲಿತದ್ದು, ಪರೀಕ್ಷೆ ಬರೆದದ್ದೋ ಇಲ್ಲವೋ ಎಂದು ತಿಳಿಸಬೇಕು. ಹತ್ತಾರು ಆನ್‌ಲೈನ್ ಸರ್ಟಿಫಿಕೇಟ್‌ಗಳ ಹೆಸರು ಸುರಿದರೆ ತೂಕ ಹೆಚ್ಚುವುದಿಲ್ಲ.

‘ಈ ವಿಶ್ವವಿದ್ಯಾಲಯವೇ ಏಕೆ’ ಎಂಬ ಭಾಗದಲ್ಲಿ ವಿಶ್ವವಿದ್ಯಾಲಯದ ಕೀರ್ತಿ, ರ‍್ಯಾಂಕಿಂಗ್, ದೇಶದ ಸೊಬಗು ಇವೆಲ್ಲ ಜಾಗ ತಿನ್ನುವ ಮಾತುಗಳು. ಬೋಧನಾ ವಿಷಯಗಳ ವಿವರವಿರುವ ಮಾಡ್ಯೂಲ್ ಹ್ಯಾಂಡ್‌ಬುಕ್ಕನ್ನು ವಿಭಾಗಗಳು ಪ್ರಕಟಿಸುತ್ತವೆ. ಅದರಲ್ಲಿ ಟೈಮ್ ಸೀರೀಸ್ ಕೋರ್ಸ್ ಇದ್ದರೆ, ಅದು ಕಂಪನದ ದಾಖಲೆಗೆ ಹೇಗೆ ಬೇಕಾಗುತ್ತದೆ ಎಂದು ಒಂದು ಸಾಲು ಬರೆದರೆ ಸಾಕು. ಮುಂದಿನ ಯೋಜನೆಯೂ ಅಷ್ಟೇ ನಿರ್ದಿಷ್ಟವಾಗಿರಲಿ: ಯಂತ್ರಗಳ ಆರೋಗ್ಯವನ್ನು ಮುಂಗಾಣುವ ಕೆಲಸ ಎಂದರೆ ನಂಬುವಂತಿದೆ, ಎಲ್ಲ ಕ್ಷೇತ್ರಗಳಲ್ಲೂ ಡೇಟಾ ಸೈಂಟಿಸ್ಟ್ ಆಗುತ್ತೇನೆ ಎಂದರೆ ಇಲ್ಲ.

ಈ ಭಾಗವನ್ನು ಪ್ರತಿ ಅರ್ಜಿಗೂ ಹೊಸದಾಗಿ ಬರೆಯಬೇಕು. ಕಳುಹಿಸುವ ಮುನ್ನ ಪುಟದ ಮಿತಿಯನ್ನೂ, ಹಿಂದಿನ ಅರ್ಜಿಯ ವಿಶ್ವವಿದ್ಯಾಲಯದ ಹೆಸರು ಎಲ್ಲಾದರೂ ಉಳಿದುಕೊಂಡಿದೆಯೇ ಎಂಬುದನ್ನೂ ಇನ್ನೊಬ್ಬರಿಂದ ಓದಿಸಿ ನೋಡುವುದು ಒಳ್ಳೆಯದು.