ಮೂರು ಟಿಕ್ ಹಾಕಿದರೆ ಸರ್ವರ್‌ಗೆ ಕಾಣುವುದೆಷ್ಟು?

ಕೆಲಸ ಹುಡುಕಿಕೊಡುವ ಒಂದು ಜಾಲತಾಣ ಇದೆ ಎಂದಿಟ್ಟುಕೊಳ್ಳಿ. ‘ನಿಮಗೆ ಬರುವ ಭಾಷೆಗಳು’ ಎಂಬಲ್ಲಿ ಕನ್ನಡ, ತುಳು, ಕೊಂಕಣಿ ಎಂದು ಮೂರು ಚೆಕ್‌ಬಾಕ್ಸ್‌ಗಳಿವೆ. ಮೂರಕ್ಕೂ ಟಿಕ್ ಹಾಕಿ ‘ಹುಡುಕಿ’ ಎಂಬುದನ್ನು ಒತ್ತಿದರೆ, ಬ್ರೌಸರ್‌ನ ವಿಳಾಸದ ಕೊನೆಗೆ ಹೀಗೊಂದು ಬಾಲ ಸೇರಿಕೊಳ್ಳುತ್ತದೆ:

```
?bhasha=kannada&bhasha=tulu&bhasha=konkani
```

ಪ್ರಶ್ನೆಚಿಹ್ನೆಯಿಂದಾಚೆಗಿನ ಈ ಭಾಗಕ್ಕೆ ಕ್ವೆರಿ ಸ್ಟ್ರಿಂಗ್ ಎಂದು ಹೆಸರು. ಒಂದೇ ಹೆಸರಿನ ಹಲವು ಚೆಕ್‌ಬಾಕ್ಸ್‌ಗಳಿದ್ದರೆ ಬ್ರೌಸರ್ ಆ ಹೆಸರನ್ನು ಅಷ್ಟೂ ಸಲ ಬರೆದು ಕಳಿಸುತ್ತದೆ. ಹೊರಟಿದ್ದು ಮೂರು ಭಾಷೆ. ಆದರೆ ಆಚೆ ಬದಿಯಲ್ಲಿ ಎಷ್ಟು ತಲುಪುತ್ತವೆ ಎಂಬುದು ಅಲ್ಲಿ ಕೂತಿರುವ ಸರ್ವರ್ ಯಾವುದು ಎಂಬುದರ ಮೇಲೆ ನಿಂತಿದೆ.

ಪಿಎಚ್‌ಪಿಯಲ್ಲಿ `$_GET['bhasha']` ಎಂದು ಕೇಳಿದರೆ ಸಿಗುವುದು ಕೊಂಕಣಿ ಮಾತ್ರ. ಎರಡನೆಯ ಬೆಲೆ ಮೊದಲನೆಯದನ್ನು ಅಳಿಸುತ್ತದೆ, ಮೂರನೆಯದು ಎರಡನೆಯದನ್ನು. ಜಾವಾ ಸರ್ವ್‌ಲೆಟ್‌ನ `getParameter` ಇದಕ್ಕೆ ತದ್ವಿರುದ್ಧವಾಗಿ ಮೊದಲಿನ ಕನ್ನಡವನ್ನು ಕೊಡುತ್ತದೆ. ಮೂರೂ ಬೇಕಿದ್ದರೆ `getParameterValues` ಎಂದು ಬೇರೆಯಾಗಿಯೇ ಕೇಳಬೇಕು. ಪೈಥಾನ್‌ನ ಜಾಂಗೋ ಕೂಡ ಸಾದಾ ರೀತಿಯಲ್ಲಿ ಕೇಳಿದರೆ ಕೊನೆಯದನ್ನಷ್ಟೇ ಕೊಡುತ್ತದೆ, `getlist` ಎಂದರೆ ಪೂರ್ತಿ ಪಟ್ಟಿ ಸಿಗುತ್ತದೆ. ಎಎಸ್‌ಪಿ ಡಾಟ್ ನೆಟ್ ಮೂರನ್ನೂ ಅಲ್ಪವಿರಾಮದಿಂದ ಪೋಣಿಸಿ `kannada,tulu,konkani` ಎಂಬ ಒಂದೇ ಸಾಲು ಮಾಡಿಬಿಡುತ್ತದೆ.

ನೋಡ್‌ನ ಎಕ್ಸ್‌ಪ್ರೆಸ್ ಮೂರರ ಪಟ್ಟಿಯನ್ನೇ ಕೊಡುತ್ತದೆ. ಇದೇ ಸರಿ ಎನಿಸುತ್ತದೆ, ಯಾರಾದರೂ ತುಳು ಒಂದಕ್ಕೇ ಟಿಕ್ ಹಾಕುವವರೆಗೆ. ಆಗ ಅದು ಕೊಡುವುದು ಒಂದು ಅಂಶದ ಪಟ್ಟಿಯನ್ನಲ್ಲ, `tulu` ಎಂಬ ಬರಿಯ ಪದವನ್ನು. ಪಟ್ಟಿ ಎಂದೇ ನಂಬಿ ಒಂದೊಂದಾಗಿ ತೆಗೆಯುವ ಕೋಡ್ ಆ ಪದದ ಅಕ್ಷರಗಳನ್ನು ತೆಗೆಯುತ್ತದೆ: `t`, `u`, `l`, `u`. ಸರ್ವರ್ ಈಗ ನಾಲ್ಕು ‘ಭಾಷೆ’ಗಳನ್ನು ಹುಡುಕಿ, ಯಾವುದೂ ಸಿಗದೆ, ‘ಕೆಲಸಗಳಿಲ್ಲ’ ಎಂದು ಉತ್ತರಿಸುತ್ತದೆ. ಯಾವ ದೋಷಸಂದೇಶವೂ ಬರುವುದಿಲ್ಲ. ಎರಡು ಮೂರು ಭಾಷೆ ಆರಿಸಿ ಪರೀಕ್ಷಿಸಿದ ತಂಡಕ್ಕೆ ಎಲ್ಲವೂ ಸರಿಯಾಗಿಯೇ ಕಂಡಿರುತ್ತದೆ.

ಇಷ್ಟೊಂದು ಭಿನ್ನತೆಗೆ ಕಾರಣ ನಿಯಮ ಇಲ್ಲದಿರುವುದು. ವೆಬ್ ವಿಳಾಸದ ರಚನೆಯನ್ನು ವಿವರಿಸುವ 2005ರ ಆರ್‌ಎಫ್‌ಸಿ 3986 ಎಂಬ ದಸ್ತಾವೇಜು ಕ್ವೆರಿ ಎಲ್ಲಿ ಶುರುವಾಗಿ ಎಲ್ಲಿ ಮುಗಿಯುತ್ತದೆ, ಅದರಲ್ಲಿ ಯಾವ ಚಿಹ್ನೆಗಳು ಇರಬಹುದು ಎಂದು ಹೇಳುತ್ತದೆ. ಒಳಗಿನದನ್ನು ಪಟ್ಟಿಯಾಗಿ ಹೇಗೆ ಓದಬೇಕೆಂದು ಹೇಳುವುದಿಲ್ಲ. ಫಾರ್ಮ್‌ಗಳ ಮಾನದಂಡವೂ ಹೆಸರು–ಬೆಲೆಯ ಜೋಡಿಗಳನ್ನು ಸಾಲಾಗಿ ಜೋಡಿಸುವವರೆಗೆ ಮಾತ್ರ ಬರುತ್ತದೆ. ಒಂದೇ ಹೆಸರು ಮತ್ತೆ ಬಂದರೆ ಏನರ್ಥ ಎಂಬುದನ್ನು ಪ್ರತಿ ಫ್ರೇಮ್‌ವರ್ಕ್ ತನ್ನಷ್ಟಕ್ಕೆ ತೀರ್ಮಾನಿಸಿಕೊಂಡಿತು.

ಪಿಎಚ್‌ಪಿ ಕಂಡುಕೊಂಡ ದಾರಿ ಚೌಕಾವರಣ. `bhasha[]=kannada&bhasha[]=tulu` ಎಂದು ಬರೆದರೆ ಅದು ಆವರಣವನ್ನು ಕಳಚಿ, `bhasha` ಎಂಬ ಪಟ್ಟಿಯನ್ನು ಕಟ್ಟಿಕೊಡುತ್ತದೆ. ರೂಬಿಯ ರೇಲ್ಸ್ ಕೂಡ ಇದನ್ನೇ ಪಾಲಿಸುತ್ತದೆ. ಒಂದೇ ಅಂಶವಿದ್ದರೂ ಅದು ಪಟ್ಟಿಯೇ, ಹಾಗಾಗಿ ತುಳುವಿನ ತೊಂದರೆ ಇಲ್ಲಿ ಬರುವುದಿಲ್ಲ. ಇದು ನಿಜವಾದ ಅನುಕೂಲ.

ಆದರೆ ಜಾವಾಕ್ಕಾಗಲಿ ಜಾಂಗೋಗಾಗಲಿ ಆವರಣಕ್ಕೆ ವಿಶೇಷ ಅರ್ಥವಿಲ್ಲ. ಅವುಗಳ ಕಣ್ಣಿಗೆ `bhasha[]` ಎಂಬುದೇ ಪೂರ್ತಿ ಹೆಸರು. ಬ್ರೌಸರ್‌ನಲ್ಲಿ ಬಹಳ ಮಂದಿ ಬಳಸುವ ಆಕ್ಸಿಯೋಸ್ ಲೈಬ್ರರಿಗೆ ಪಟ್ಟಿ ಕೊಟ್ಟರೆ ಅದು ತಾನಾಗಿಯೇ ಆವರಣ ಸೇರಿಸಿ ಕಳಿಸುತ್ತದೆ. ಅತ್ತ ಜಾಂಗೋದಲ್ಲಿ `getlist('bhasha')` ಎಂದು ಕೇಳಿದರೆ ಖಾಲಿ ಪಟ್ಟಿ ಬರುತ್ತದೆ. ಭಾಷೆ ಆರಿಸದಿದ್ದರೆ ಎಲ್ಲ ಕೆಲಸಗಳನ್ನೂ ತೋರಿಸು ಎಂದು ಕೋಡ್ ಇದ್ದರೆ, ಟಿಕ್ ಹಾಕಿದವರಿಗೂ ಹಾಕದವರಿಗೂ ಒಂದೇ ಫಲಿತಾಂಶ. ಇದನ್ನು ಹಿಡಿಯಲು ಕ್ರೋಮ್‌ನ ಡೆವಲಪರ್ ಟೂಲ್ಸ್‌ನಲ್ಲಿ ನೆಟ್‌ವರ್ಕ್ ವಿಭಾಗ ತೆರೆದು, ನಿಜವಾಗಿ ಹೊರಟ ವಿಳಾಸವನ್ನು ಓದಬೇಕು. ಅಲ್ಲಿ `%5B%5D` ಕಂಡರೆ ಅದು ಆವರಣವೇ, ಸಂಕೇತ ರೂಪದಲ್ಲಿ.

ಆ ಸಂಕೇತ ರೂಪಕ್ಕೂ ಕಾರಣವಿದೆ. ಆರ್‌ಎಫ್‌ಸಿ 3986ರ ಪ್ರಕಾರ ಕ್ವೆರಿಯೊಳಗೆ ಬರಿಯ `[` ಇರುವಂತಿಲ್ಲ. ಇತ್ತೀಚಿನ ಟಾಮ್‌ಕ್ಯಾಟ್ ಸರ್ವರ್ ಬರಿಯ ಆವರಣ ಕಂಡರೆ 400 ಎಂಬ ದೋಷಸಂಖ್ಯೆಯೊಂದಿಗೆ ಕೋರಿಕೆಯನ್ನೇ ತಿರಸ್ಕರಿಸುತ್ತದೆ. `curl` ಆಜ್ಞೆಯಂತೂ ಆವರಣವನ್ನು ತನ್ನದೇ ಸಂಖ್ಯಾಶ್ರೇಣಿಯ ಗುರುತು ಎಂದು ತಿಳಿದು, ಕೋರಿಕೆ ಕಳಿಸುವ ಮೊದಲೇ ನಿಂತುಬಿಡುತ್ತದೆ. `-g` ಎಂದು ಸೇರಿಸಿದರೆ ಮುಂದೆ ಹೋಗುತ್ತದೆ.

ಮೂರನೆಯ ಪದ್ಧತಿ ಅಲ್ಪವಿರಾಮ: `bhasha=kannada,tulu,konkani`. ಓದಲು ಸುಲಭ, ಉದ್ದವೂ ಕಡಿಮೆ. ಯೂಟ್ಯೂಬ್‌ನ ಎಪಿಐ ತನ್ನ `part=snippet,statistics` ಎಂಬಲ್ಲಿ ಇದನ್ನೇ ಬಳಸುತ್ತದೆ. ಅಲ್ಲಿ ಬೆಲೆಗಳು ಮೊದಲೇ ಗೊತ್ತಿರುವ ಪದಗಳಾದ್ದರಿಂದ ಅಪಾಯವಿಲ್ಲ. ಜನ ಬರೆದ ಹೆಸರುಗಳು ಬಂದಾಗ ತೊಡಕು ಶುರುವಾಗುತ್ತದೆ.

ಅದೇ ಉದ್ಯೋಗ ತಾಣದಲ್ಲಿ ಊರಿನ ಆಯ್ಕೆಯೂ ಇದೆ ಎನ್ನೋಣ. ಪುತ್ತೂರು ಎಂಬ ಊರು ಆಂಧ್ರದಲ್ಲೂ ಇರುವುದರಿಂದ ಪಟ್ಟಿಯಲ್ಲಿ ‘ಪುತ್ತೂರು, ದಕ್ಷಿಣ ಕನ್ನಡ’ ಎಂದು ಜಿಲ್ಲೆ ಸಹಿತ ಬರೆಯಲಾಗಿದೆ. ಸರ್ವರ್ ಜಾವಾದ ಸ್ಪ್ರಿಂಗ್‌ನದು, ಅದು `List<String>` ಎಂದು ಪಟ್ಟಿ ಕೇಳುತ್ತದೆ. ಬಳಕೆದಾರರು ಪುತ್ತೂರು ಒಂದನ್ನೇ ಆರಿಸಿದರೆ, ಒಂದೇ ಬೆಲೆ ಬಂದಿದೆ ಎಂದು ಸ್ಪ್ರಿಂಗ್ ಅದನ್ನು ಅಲ್ಪವಿರಾಮದಲ್ಲಿ ಸೀಳಿ ‘ಪುತ್ತೂರು’ ಮತ್ತು ‘ದಕ್ಷಿಣ ಕನ್ನಡ’ ಎಂಬ ಎರಡು ಊರು ಮಾಡುತ್ತದೆ. ಜೊತೆಗೆ ಮೈಸೂರನ್ನೂ ಆರಿಸಿ ಹೆಸರು ಎರಡು ಸಲ ಬಂತೋ, ಆಗ ಸೀಳುವುದಿಲ್ಲ; ಎರಡೂ ಊರು ಸರಿಯಾಗಿ ತಲುಪುತ್ತವೆ. ಒಂದು ಊರು ಆರಿಸಿದರೆ ತಪ್ಪು, ಎರಡು ಆರಿಸಿದರೆ ಸರಿ. ಅಲ್ಪವಿರಾಮವನ್ನು `%2C` ಎಂದು ಕಳಿಸಿದರೂ ಪ್ರಯೋಜನವಿಲ್ಲ, ಏಕೆಂದರೆ ಸಂಕೇತವನ್ನು ಬಿಡಿಸಿದ ಮೇಲೆಯೇ ಸೀಳುವ ಕೆಲಸ ನಡೆಯುವುದು.

ವಿಕಿಪೀಡಿಯ ಈ ಪ್ರಶ್ನೆಯನ್ನು ಜಾಣತನದಿಂದ ಬಿಡಿಸಿಕೊಂಡಿದೆ. ಕನ್ನಡ ವಿಕಿಪೀಡಿಯದಿಂದ ಹಲವು ಪುಟಗಳ ಮಾಹಿತಿಯನ್ನು ಒಟ್ಟಿಗೆ ಕೇಳುವವರು ಹೆಸರುಗಳ ನಡುವೆ ನಿಲುಗೆರೆ ಹಾಕುತ್ತಾರೆ:

```
titles=ಕುಪ್ಪಳಿ|ಧಾರವಾಡ
```

ಪುಟದ ಹೆಸರಿನಲ್ಲಿ ಅಲ್ಪವಿರಾಮ ಇರಬಹುದು, ನಿಲುಗೆರೆ ಇರುವಂತಿಲ್ಲ ಎಂಬುದು ಆ ತಂತ್ರಾಂಶದ ನಿಯಮ. ಹಾಗಾಗಿ ಬೆಲೆಯೊಳಗೆ ಬರಲಾರದ ಚಿಹ್ನೆಯೇ ಬೆಲೆಗಳ ನಡುವಿನ ಗಡಿಯಾಯಿತು.

ಈ ವ್ಯತ್ಯಾಸಗಳು ಕಳ್ಳದಾರಿಯೂ ಆಗಬಲ್ಲವು ಎಂದು 2009ರಲ್ಲಿ ಲೂಕಾ ಕರೆಟ್ಟೋನಿ ಮತ್ತು ಸ್ಟೆಫಾನೊ ಡಿ ಪಾವೊಲಾ ಎಂಬ ಭದ್ರತಾ ಸಂಶೋಧಕರು ತೋರಿಸಿಕೊಟ್ಟರು. `motta=100&motta=90000` ಎಂದು ಬಂದಾಗ ಮುಂದೆ ನಿಂತ ತಪಾಸಣೆಯ ತಂತ್ರಾಂಶ ಮೊದಲ ಬೆಲೆಯನ್ನು ಓದಿ ಒಳಗೆ ಬಿಟ್ಟರೆ, ಹಿಂದಿನ ಸರ್ವರ್ ಕೊನೆಯ ಬೆಲೆಯಂತೆ ನಡೆಯುತ್ತದೆ. ಒಂದೇ ಹೆಸರು ಬರಬೇಕಾದ ಕಡೆ ಎರಡು ಬಂದರೆ ಕೋರಿಕೆಯನ್ನೇ ನಿರಾಕರಿಸುವುದು ಇದಕ್ಕೆ ಸರಳ ಪರಿಹಾರ.

ಉಳಿದದ್ದು ಏನನ್ನೂ ಆರಿಸದ ಸಂದರ್ಭ. ಹುಡುಕುವಾಗ ಇದರಿಂದ ಹೆಚ್ಚೇನೂ ಆಗದು. ಆದರೆ ತಮ್ಮ ವಿವರ ತಿದ್ದುವ ಪುಟದಲ್ಲಿ ಒಬ್ಬರು ಮೂರೂ ಟಿಕ್ ತೆಗೆದು ‘ಉಳಿಸಿ’ ಎಂದರೆ, ಬ್ರೌಸರ್ `bhasha` ಎಂಬ ಹೆಸರನ್ನೇ ಕಳಿಸುವುದಿಲ್ಲ. ಎಲ್ಲವನ್ನೂ ಅಳಿಸಿ ಎಂದರೋ, ಭಾಷೆಯ ವಿಷಯವನ್ನೇ ಎತ್ತಲಿಲ್ಲವೋ, ಸರ್ವರ್‌ಗೆ ತಿಳಿಯದು. ಹಳೆಯ ಮೂರೂ ಹಾಗೇ ಉಳಿಯುತ್ತವೆ. ಅದಕ್ಕೇ ರೇಲ್ಸ್ ಇಂಥ ಚೆಕ್‌ಬಾಕ್ಸ್ ಗುಂಪಿನ ಜೊತೆ ಕಣ್ಣಿಗೆ ಕಾಣದ ಒಂದು ಖಾಲಿ ಅಂಶವನ್ನು ಸೇರಿಸುತ್ತದೆ. ಏನನ್ನೂ ಆರಿಸದಿದ್ದರೂ `bhasha[]=` ಎಂಬುದೊಂದು ಹೋಗಿ ಮುಟ್ಟುತ್ತದೆ, ಸರ್ವರ್ ಆ ಖಾಲಿ ಬೆಲೆಯನ್ನು ಬಿಸಾಡಿ ಪಟ್ಟಿಯನ್ನು ಬರಿದು ಮಾಡುತ್ತದೆ.